ಬಣ್ಣದ ಉಳಿತಾಯ

‘ಅಪ್’ ಎಂಬ ಅಮೆರಿಕದ ಕಾರ್ಟೂನ್ ಚಿತ್ರ 2009ರಲ್ಲಿ ತೆರೆಗೆ ಬಂದಿತು. ನೋಡಿದವರಲ್ಲಿ ಹೆಚ್ಚಿನವರು ನೆನಪಿಟ್ಟುಕೊಂಡಿರುವುದು ಅದರ ಮೊದಲ ಭಾಗದಲ್ಲಿ ಬರುವ ಸುಮಾರು ನಾಲ್ಕು ನಿಮಿಷಗಳನ್ನು. ಕಾರ್ಲ್ ಮತ್ತು ಎಲೀ ಎಂಬಿಬ್ಬರು ಮದುವೆಯಾಗಿ, ಹಾಳುಬಿದ್ದ ಮನೆಯೊಂದನ್ನು ತಮ್ಮದಾಗಿ ಮಾಡಿಕೊಂಡು, ಮಗುವಿನ ಆಸೆ ಕೈಗೂಡದೆ, ಜೊತೆಯಲ್ಲೇ ಮುದುಕರಾಗಿ, ಕೊನೆಗೆ ಎಲೀ ಹೋಗಿ ಕಾರ್ಲ್ ಒಬ್ಬನೇ ಉಳಿಯುವ ಕಥೆ ಅಲ್ಲಿ ಒಂದು ಮಾತೂ ಇಲ್ಲದೆ ನಡೆದುಹೋಗುತ್ತದೆ. ನನಗೂ ಕಣ್ಣು ತುಂಬಿತ್ತು. ಅದಕ್ಕೆ ಕಾರಣ ಮೈಕೇಲ್ ಜಿಯಾಕಿನೋ ಅವರ ಸಂಗೀತ ಎಂದು ನಾನು ಬಹುಕಾಲ ನಂಬಿದ್ದೆ, ನಾಲ್ಕು ಜನರಿಗೆ ಹೇಳಿಯೂ ಇದ್ದೆ.

ಈಚೆಗೆ ಒಂದು ಸಂಜೆ ಈ ನಂಬಿಕೆಯನ್ನು ಪರೀಕ್ಷಿಸೋಣವೆನ್ನಿಸಿತು. ಟಿವಿಯ ಧ್ವನಿಯನ್ನು ಪೂರ್ತಿ ಅಡಗಿಸಿ ಆ ಭಾಗವನ್ನು ನೋಡಿದೆ. ಗಂಟಲು ಮತ್ತೆ ಬಿಗಿಯಿತು. ಮರುದಿನ ಧ್ವನಿಯನ್ನು ಮರಳಿ ಕೊಟ್ಟು, ಬಣ್ಣವನ್ನು ಸೊನ್ನೆಗೆ ಇಳಿಸಿ, ಕಪ್ಪು-ಬಿಳುಪಾಗಿ ನೋಡಿದೆ. ಎಲೀಯ ಸಾವು ಆಗಲೂ ತಟ್ಟಿತು. ಆದರೆ ಅದಾದ ಮೇಲೆ ಮುದುಕ ಕಾರ್ಲ್ ತನ್ನ ಮನೆಗೆ ಸಾವಿರಾರು ಬಲೂನುಗಳನ್ನು ಕಟ್ಟಿ ಅದನ್ನು ನೆಲದಿಂದ ಮೇಲಕ್ಕೆಬ್ಬಿಸುವ ಗಳಿಗೆ ಇದೆಯಲ್ಲ, ಅದು ಸತ್ತುಹೋಗಿತ್ತು. ಬೂದುಬಣ್ಣದ ದ್ರಾಕ್ಷಿಗೊಂಚಲೊಂದು ಬೂದು ಆಕಾಶದಲ್ಲಿ ತೇಲುತ್ತಿತ್ತು, ಅಷ್ಟೆ. ಬಣ್ಣವನ್ನು ತೆಗೆದಾಗ ನಷ್ಟವಾದದ್ದು ದುಃಖವಲ್ಲ, ದುಃಖದ ಅನಂತರ ಬರಬೇಕಾಗಿದ್ದ ಸಂತೋಷ. ನನಗೆ ಇದು ಅನಿರೀಕ್ಷಿತವಾಗಿತ್ತು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಇಂಥ ಚಿತ್ರಗಳನ್ನು ಮಾಡುವವರು ಕೆಲಸದ ಮೊದಲ ಹಂತಗಳಲ್ಲೇ ‘ಕಲರ್ ಸ್ಕ್ರಿಪ್ಟ್’ ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ. ಬರೆಯುವುದೆಂದರೆ ಅಕ್ಷರದಲ್ಲಲ್ಲ, ಬಣ್ಣದಲ್ಲಿ. ನಾನು ಅದನ್ನು ವರ್ಣಪಟ್ಟಿ ಎಂದು ಕರೆಯುತ್ತೇನೆ. ಇಡೀ ಚಿತ್ರವನ್ನು, ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ, ಸಾಲುಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ವರ್ಣಚಿತ್ರಗಳಲ್ಲಿ ತೋರಿಸುವ ಪಟ್ಟಿ ಅದು. ಗೋಡೆಗೆ ಅಂಟಿಸಿದರೆ ಒಂದೇ ನೋಟಕ್ಕೆ ಚಿತ್ರವೆಲ್ಲ ಕಾಣಬೇಕು. ಪಿಕ್ಸಾರ್ ಸಂಸ್ಥೆಯಲ್ಲಿ ಈ ಪದ್ಧತಿ ನೆಲೆಗೊಳ್ಳಲು ಮುಖ್ಯ ಕಾರಣರಾದವರು ರಾಲ್ಫ್ ಎಗ್ಲ್‌ಸ್ಟನ್. 1995ರ ‘ಟಾಯ್ ಸ್ಟೋರಿ’ಗೆ ಕಲಾನಿರ್ದೇಶಕರಾಗಿದ್ದ ಅವರು ಅದರ ವರ್ಣಪಟ್ಟಿಯನ್ನು ಬಣ್ಣದ ಸೀಮೆಸುಣ್ಣದಂಥ ಪ್ಯಾಸ್ಟೆಲ್ ಕಡ್ಡಿಗಳಿಂದ ಬರೆದರು. 2022ರಲ್ಲಿ ಅವರು ತೀರಿಕೊಂಡರು. ‘ಅಪ್’ ಚಿತ್ರದ ವರ್ಣಪಟ್ಟಿ ಲೂ ರೊಮಾನೋ ಅವರದು, ನಿರ್ದೇಶನ ಪೀಟ್ ಡಾಕ್ಟರ್ ಅವರದು. ಬಣ್ಣದ ಮೂಲಕ ಭಾವವನ್ನು ನಡೆಸುವ ಯೋಚನೆ ಇವರಿಗಿಂತ ಹಳೆಯದು. 1942ರ ‘ಬ್ಯಾಂಬಿ’ಗಾಗಿ ಟೈರಸ್ ವಾಂಗ್ ಬರೆದ ಕಾಡಿನ ಚಿಕ್ಕ ಚಿತ್ರಗಳಲ್ಲಿ ಎಲೆ ಕೊಂಬೆಗಳಿಗಿಂತ ಮಂಜು ಬೆಳಕುಗಳೇ ಮಾತನಾಡುತ್ತವೆ. ಆದರೆ ಇಡೀ ಚಿತ್ರವನ್ನು ಒಂದೇ ಸಾಲಿನಲ್ಲಿ ಹರಡಿ, ಮೊದಲು ಕೊನೆಗಳನ್ನು ಒಟ್ಟಿಗೆ ಕಣ್ಣ ಮುಂದೆ ಇಟ್ಟುಕೊಳ್ಳುವುದರಲ್ಲಿ ಪಟ್ಟಿಯ ವಿಶೇಷವಿದೆ.

ಪಟ್ಟಿಯ ಮರ್ಮ ತಿಳಿಯಬೇಕಾದರೆ ಅದನ್ನು ಕೈಯಾರೆ ಮಾಡಿ ನೋಡಬೇಕು. ನಾನು ಚಿತ್ರಕಾರನಲ್ಲ. ಆದರೂ ಶಾಲೆಯ ಮಕ್ಕಳ ಜಲವರ್ಣದ ಪೆಟ್ಟಿಗೆಯೊಂದನ್ನು ತಂದು, ಡ್ರಾಯಿಂಗ್ ಹಾಳೆಯ ಮೇಲೆ ಬೆಂಕಿಪೊಟ್ಟಣದಷ್ಟು ಅಗಲದ ಚೌಕಗಳನ್ನು ಗೀರಿ, ಕೆಲಸವನ್ನು ಹಿಂದುಮುಂದಾಗಿ ಮಾಡಿದೆ. ಅವರು ಪಟ್ಟಿಯಿಂದ ಚಿತ್ರವನ್ನು ಮಾಡಿದರು. ನಾನು ಚಿತ್ರದಿಂದ ಪಟ್ಟಿಯನ್ನು ಬಿಡಿಸಿದೆ. ಚಿತ್ರದ ಉದ್ದ 96 ನಿಮಿಷ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ತೆರೆಯ ಮೇಲಿನ ಮುಖ್ಯ ಬಣ್ಣಗಳನ್ನು ಒಂದು ಚೌಕದಲ್ಲಿ ತುಂಬುವುದೆಂದು ನಿಯಮ ಮಾಡಿಕೊಂಡೆ. 48 ಚೌಕಗಳಾದವು.

ಮುಗಿಸಿ ನೋಡಿದರೆ ನನ್ನ ಪಟ್ಟಿಯಲ್ಲಿ ಎಲೀ ಇರಲೇ ಇಲ್ಲ. ಆ ಪ್ರಸಿದ್ಧ ನಾಲ್ಕು ನಿಮಿಷಗಳಿಗೆ ದೊರೆತದ್ದು ಎರಡೇ ಚೌಕ. ಒಂದರಲ್ಲಿ ಹಗಲು, ಮತ್ತೊಂದರಲ್ಲಿ ಇಳಿಸಂಜೆ. ಒಂದು ಬಾಳೆಲ್ಲ ಆ ಎರಡರ ನಡುವಿನ ಗೆರೆಯಲ್ಲಿ ಕಳೆದುಹೋಗಿತ್ತು. ವರ್ಣಪಟ್ಟಿ ಗಡಿಯಾರದ ಲೆಕ್ಕವಲ್ಲ ಎಂಬ ಮೊದಲ ಪಾಠವನ್ನು ಹೀಗೆ ಕಲಿತೆ. ಕಲಾವಿದರು ಮಿನಿಟನ್ನು ಅಳೆಯುವುದಿಲ್ಲ, ಭಾವ ತಿರುಗುವ ಜಾಗಗಳನ್ನು ಗುರುತುಮಾಡುತ್ತಾರೆ. ತಿರುವಿಲ್ಲದ ಹತ್ತು ನಿಮಿಷಕ್ಕೆ ಒಂದೇ ಚಿತ್ರ ಸಾಕು. ಹತ್ತು ಸೆಕೆಂಡಿನಲ್ಲಿ ಎರಡು ತಿರುವುಗಳಿದ್ದರೆ ಎರಡು ಚಿತ್ರ ಬೇಕು. ನಾನು ಆ ಭಾಗವನ್ನು ಹದಿನೈದು ಸೆಕೆಂಡಿಗೊಂದರಂತೆ ಮತ್ತೆ ಬರೆದೆ. ಆಗ ಪಟ್ಟಿ ಮಾತನಾಡತೊಡಗಿತು.

ಅದು ಹೇಳಿದ್ದನ್ನು ವಿವರಿಸುವ ಮುಂಚೆ ಬಣ್ಣದ ಮೂರು ಗುಣಗಳನ್ನು ಬಿಡಿಸಿಡಬೇಕು. ಅರಿಶಿನ, ಕುಂಕುಮ ಎಂದು ನಾವು ಹೆಸರಿಟ್ಟು ಕರೆಯುವುದು ಬಣ್ಣದ ಜಾತಿಯನ್ನು. ಅದೇ ಕುಂಕುಮವನ್ನು ಮಧ್ಯಾಹ್ನದ ಅಂಗಳದಲ್ಲಿ ನೋಡಿದರೆ ಒಂದು ತರ, ದೀಪವಿಲ್ಲದ ಕೋಣೆಯಲ್ಲಿ ನೋಡಿದರೆ ಒಂದು ತರ. ಇದು ಬೆಳಕು-ಕತ್ತಲೆಯ ಪ್ರಮಾಣ. ಹೊಸ ಸೀರೆ ಹತ್ತಾರು ಸಲ ಒಗೆತ ಕಂಡ ಮೇಲೆ ಜಾತಿಯಲ್ಲಿ ಬದಲಾಗದೆಯೂ ಮಂಕಾಗುತ್ತದೆ. ಇದು ಬಣ್ಣದ ಗಾಢತೆ. ನೋಡುವ ಜನ ಹೆಸರಿಸುವುದು ಮೊದಲನೆಯದನ್ನು. ಪಟ್ಟಿ ಬರೆಯುವವರು ಹೆಚ್ಚಾಗಿ ದುಡಿಸಿಕೊಳ್ಳುವುದು ಉಳಿದ ಎರಡನ್ನು. ಅವರ ಕೆಲಸದ ಕ್ರಮವೂ ಇದಕ್ಕೆ ತಕ್ಕಂತೆಯೇ ಇರುವುದು ಮೇಲು: ಮೊದಲು ಬೆಳಕು-ಕತ್ತಲೆಗಳನ್ನು ನಿರ್ಧರಿಸಿ, ಆಮೇಲೆ ಮೂರು ನಾಲ್ಕು ಬಣ್ಣಗಳನ್ನು ದೊಡ್ಡ ದೊಡ್ಡ ತುಂಡುಗಳಾಗಿ ಇಟ್ಟು, ಎಷ್ಟು ಗಾಢ ಎಂಬುದನ್ನು ನೆರೆಯ ಚಿತ್ರಗಳೊಡನೆ ಹೋಲಿಸಿ ತೀರ್ಮಾನಿಸುವುದು. ಮುಖದ ಕಣ್ಣು ಮೂಗುಗಳಿಗೆ ಅಲ್ಲಿ ಜಾಗವಿಲ್ಲ. ಕಣ್ಣನ್ನು ಅರೆಮುಚ್ಚಿ ನೋಡಿದಾಗಲೂ ಉಳಿಯುವುದೇನೋ ಅದಷ್ಟೇ ಪಟ್ಟಿಗೆ ಬೇಕು.

ಈಗ ಎಲೀಯ ಕಥೆಗೆ ಬರೋಣ. ಚಿತ್ರ ತೊಡಗುವುದು ಬಣ್ಣವೇ ಇಲ್ಲದ ಹಳೆಯ ವಾರ್ತಾಚಿತ್ರದಿಂದ. ಹುಡುಗ ಕಾರ್ಲ್ ಅದನ್ನು ಬಾಯಿಬಿಟ್ಟುಕೊಂಡು ನೋಡುತ್ತಿರುತ್ತಾನೆ. ಅಲ್ಲಿಂದ ಮುಂದೆ ಅವನ ಬಾಳಿಗೆ ಬರುವ ಬಣ್ಣವೆಲ್ಲ ಎಲೀ ತಂದದ್ದು. ಚಿತ್ರದವರು ಅವಳಿಗೆಂದು ಒಂದು ಬಣ್ಣವನ್ನೇ ಮೀಸಲಿಟ್ಟರು. ಅಚ್ಚುಕೂಟದವರು ಮೆಜೆಂಟಾ ಎಂದೂ ನಮ್ಮ ಸೀರೆ ಅಂಗಡಿಗಳವರು ರಾಣಿ ಬಣ್ಣವೆಂದೂ ಕರೆಯುವ ಕಡುಗುಲಾಬಿ ಅದು. ಮದುವೆ, ಮನೆಗೆ ಬಣ್ಣ ಹಚ್ಚುವುದು, ಗುಡ್ಡದ ಮೇಲೆ ಮಲಗಿ ಮೋಡಗಳಲ್ಲಿ ಕೂಸುಗಳನ್ನು ಕಾಣುವುದು, ಹುಟ್ಟಲಿರುವ ಮಗುವಿಗಾಗಿ ಕೋಣೆ ಸಿದ್ಧಮಾಡುವುದು, ಇವೆಲ್ಲ ನನ್ನ ಚೌಕಗಳಲ್ಲಿ ಬೆಚ್ಚಗೆ, ತುಂಬುಬಣ್ಣದಲ್ಲಿ ಮೂಡಿದವು. ಮುಂದಿನ ಚೌಕಕ್ಕೆ ಬಂದಾಗ ಕುಂಚವನ್ನು ತೊಳೆಯಬೇಕಾಯಿತು. ವೈದ್ಯರ ಕೋಣೆ. ಎಲೀ ತಲೆಯನ್ನು ಕೈಗಳಲ್ಲಿ ಹುದುಗಿಸಿ ಕುಳಿತಿದ್ದಾಳೆ. ಬಣ್ಣ ಒಮ್ಮೆಲೇ ಬತ್ತಿದೆ. ಆಮೇಲೆ ಅವಳು ಮನೆಯ ಅಂಗಳದಲ್ಲಿ ಕಣ್ಣುಮುಚ್ಚಿ ಗಾಳಿಗೆ ಮುಖವೊಡ್ಡಿ ಕುಳಿತಾಗ ಬೆಳಕು ಮರಳುತ್ತದೆ, ಬಣ್ಣ ಮಾತ್ರ ಕೂಡಲೇ ಮರಳುವುದಿಲ್ಲ. ಕಾರ್ಲ್ ಅವಳಿಗೆ ಹಳೆಯ ಸಾಹಸದ ಪುಸ್ತಕವನ್ನು ತಂದುಕೊಟ್ಟು, ದೂರದ ಜಲಪಾತದ ಕನಸನ್ನು ನೆನಪಿಸಿದ ಮೇಲೆ ಮೆಲ್ಲನೆ ಬರುತ್ತದೆ.

ಒಬ್ಬ ಸಾಮಾನ್ಯ ಕಲಾವಿದನಾಗಿದ್ದರೆ ಬಣ್ಣವನ್ನು ಎಲೀಯ ಸಾವಿಗಾಗಿಯೇ ಕಾದಿರಿಸಿ ಅಲ್ಲಿ ಎಲ್ಲವನ್ನೂ ಕಪ್ಪಿಗಿಳಿಸುತ್ತಿದ್ದ. ರೊಮಾನೋ ಅವರ ಪಟ್ಟಿಯಲ್ಲಿ ಹಾಗಿಲ್ಲ. ಮಗುವನ್ನು ಕಳೆದುಕೊಂಡಾಗ ಬಣ್ಣ ಒಂದು ಸಲ ಬತ್ತಿ ಮತ್ತೆ ಬಂದದ್ದನ್ನು ನಾವು ಆಗಲೇ ನೋಡಿದ್ದೇವೆ. ಆದ್ದರಿಂದ ಎರಡನೆಯ ಸಲ, ಮುದುಕಿ ಎಲೀ ಅದೇ ಗುಡ್ಡ ಹತ್ತಲಾರದೆ ಕುಸಿದು, ಆಸ್ಪತ್ರೆಯ ಹಾಸಿಗೆ ಸೇರಿ, ಚರ್ಚಿನಲ್ಲಿ ಕಾರ್ಲ್ ಹೂವು ಬಲೂನುಗಳ ನಡುವೆ ಒಬ್ಬನೇ ಕುಳಿತಾಗ, ಮನಸ್ಸು ತಾನರಿಯದೆ ಬಣ್ಣ ಮರಳುವುದನ್ನು ಕಾಯುತ್ತದೆ. ಅದು ಮರಳುವುದಿಲ್ಲ. ಕೈಯಲ್ಲೊಂದು ನೀಲಿ ಬಲೂನು ಹಿಡಿದು ಅವನು ಮನೆಯೊಳಗೆ ನಡೆಯುತ್ತಾನೆ, ತೆರೆ ಕತ್ತಲಾಗುತ್ತದೆ. ಮಾರನೆಯ ಬೆಳಗಿನ ಚೌಕಗಳು ಒಗೆದೊಗೆದು ಸವೆದ ಬಟ್ಟೆಯಂತೆ ಕಂದು ಬೂದುಗಳಲ್ಲಿ ಸಾಗುತ್ತವೆ. ಮನೆಯ ಸುತ್ತ ಕಟ್ಟಡಗಳೇಳುತ್ತಿವೆ, ಧೂಳು ಹಾರುತ್ತಿದೆ. ಆ ಬೂದಿನ ನಡುವೆ ಬಣ್ಣ ಉಳಿಸಿಕೊಂಡಿರುವುದು ಎಲೀ ಜೊತೆಗೆ ನಿಂತು ಬಳಿದ ಆ ಒಂದು ಮನೆ ಮಾತ್ರ. ಮುದುಕ ಅದನ್ನು ಮಾರಲೊಲ್ಲೆನೆಂದು ಹಟ ಹಿಡಿಯುವುದೇಕೆ ಎಂಬುದನ್ನು ಸಂಭಾಷಣೆಗಿಂತ ಮೊದಲು ಬಣ್ಣ ಹೇಳಿಬಿಟ್ಟಿರುತ್ತದೆ.

ಆಮೇಲೆ ಬಲೂನುಗಳು. ಬಲೂನಿನ ಕೆಂಪು, ಹಳದಿ, ಗುಲಾಬಿಗಳು ನಿಜವಾಗಿ ಅಷ್ಟೇನೂ ಅಪರೂಪದ ಬಣ್ಣಗಳಲ್ಲ. ಜಾತ್ರೆಯಲ್ಲಿ ಯಾರು ಬೇಕಾದರೂ ಮಾರುವಂಥವು. ಅವು ನಮ್ಮನ್ನು ಕುರ್ಚಿಯಿಂದ ಎಬ್ಬಿಸುವುದು ಅದುವರೆಗೆ ನಾವು ಉಪವಾಸವಿದ್ದುದರಿಂದ. ಮನೆ ಮೇಲೇರುವಾಗ ಒಂದು ಕಿಟಕಿಯಾಚೆ ಪುಟ್ಟ ಹುಡುಗಿಯೊಬ್ಬಳು ಆಡುತ್ತಿರುತ್ತಾಳೆ. ಬಲೂನುಗಳ ಮೂಲಕ ಹಾಯ್ದ ಬೆಳಕು ಅವಳ ಕೋಣೆಯ ಗೋಡೆಯ ಮೇಲೆ ಬಣ್ಣಬಣ್ಣವಾಗಿ ಚಲಿಸಿಹೋಗುತ್ತದೆ. ಕೆಲವೇ ಸೆಕೆಂಡುಗಳು. ಕಥೆಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಆದರೆ ಬಣ್ಣ ಮರಳಿತು, ಎದುರಿಗಿದ್ದವರ ಮೇಲೂ ಚೆಲ್ಲುವಷ್ಟು ಮರಳಿತು ಎಂಬುದು ಅಲ್ಲಿ ಕಾಣುತ್ತದೆ. ಕಪ್ಪು-ಬಿಳುಪಿನಲ್ಲಿ ನಾನು ಕಳೆದುಕೊಂಡದ್ದು ಇದನ್ನು. ನಾಲ್ಕು ನಿಮಿಷದ ದುಃಖವೂ ಅದರ ಹಿಂದಿನ ಬೂದು ಬೆಳಗೂ ಈ ಗಳಿಗೆಗಾಗಿ ಕೂಡಿಟ್ಟ ಹಣ. ಗಾಢ ಬಣ್ಣವನ್ನು ಎಲ್ಲಿ ಬಳಸಬೇಕೆಂಬುದಕ್ಕಿಂತ ಎಲ್ಲೆಲ್ಲಿ ಬಳಸಕೂಡದೆಂಬುದೇ ವರ್ಣಪಟ್ಟಿಯ ಮುಖ್ಯ ಚಿಂತೆ ಎಂದು ನನಗೆ ತೋರುತ್ತದೆ.

ಇಲ್ಲಿ ನಮ್ಮ ಓದುಗರಿಗೆ ಭರತನ ನೆನಪಾಗದಿರದು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯ ಒಂದೊಂದು ರಸಕ್ಕೂ ಒಂದೊಂದು ಬಣ್ಣವನ್ನು ಹೇಳಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ, ಕರುಣಕ್ಕೆ ಕಪೋತವರ್ಣ, ಎಂದರೆ ಪಾರಿವಾಳದ ಬೂದು. ಕಾರ್ಲನ ಬೂದು ಬೆಳಗಿಗೂ ಭರತನ ಕಪೋತಕ್ಕೂ ಹೊಂದಿಕೆಯಾಗುವುದನ್ನು ಕಂಡು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವ ಆಸೆ ಹುಟ್ಟುವುದು ಸಹಜ. ನನಗೂ ಹುಟ್ಟಿತ್ತು. ಆದರೆ ಎರಡು ಕ್ರಮಗಳೂ ಬೇರೆ ಬೇರೆ. ಭರತನದು ನಿಘಂಟು, ಬಣ್ಣಕ್ಕೆ ಅರ್ಥ ನಾಟಕ ತೊಡಗುವ ಮುಂಚೆಯೇ ಗೊತ್ತಾಗಿರುತ್ತದೆ. ವರ್ಣಪಟ್ಟಿಯದು ವಾಕ್ಯ, ಹಿಂದುಮುಂದಿನ ಪದಗಳಿಲ್ಲದೆ ಅದರ ಯಾವ ಬಣ್ಣಕ್ಕೂ ಅರ್ಥವಿಲ್ಲ. ಕಡುಗುಲಾಬಿ ಎಂದರೆ ಎಲೀ ಎಂದು ಲೋಕದಲ್ಲಿ ಯಾರೂ ಒಪ್ಪಂದ ಮಾಡಿಕೊಂಡಿಲ್ಲ. ಆ ಒಪ್ಪಂದವನ್ನು ಚಿತ್ರ ತಾನೇ ಮೊದಲ ಹತ್ತು ನಿಮಿಷಗಳಲ್ಲಿ ನಮ್ಮೊಡನೆ ಮಾಡಿಕೊಂಡು, ಉಳಿದ ಹೊತ್ತೆಲ್ಲ ಪಾಲಿಸುತ್ತದೆ. ಕೆಂಪೆಂದರೆ ಕೋಪ, ನೀಲಿಯೆಂದರೆ ದುಃಖ ಎಂದು ಉರುಹೊಡೆದು ಪಟ್ಟಿ ಬರೆಯುವವರ ಚಿತ್ರಗಳು ಅಂಚೆಚೀಟಿಯ ಪುಸ್ತಕದಂತೆ ಕಾಣುವುದು ಇದಕ್ಕೇ.

ಪಟ್ಟಿ ಕೆಡುವುದು ಹೇಗೆ? ನನ್ನ ಚೌಕಗಳಿಂದಲೇ ಉದಾಹರಣೆ ಕೊಡುತ್ತೇನೆ. ಮೊದಲ ಸಲ ಬರೆದಾಗ ಒಂದೊಂದು ಚೌಕವನ್ನೂ ಚೆಂದಗಾಣಿಸುವ ಆಸೆಯಿಂದ ಬೂದು ಬೆಳಗಿಗೂ ಸ್ವಲ್ಪ ಕಿತ್ತಳೆ ಸೇರಿಸಿದ್ದೆ. ಚೌಕವೇನೋ ಚೆನ್ನಾಯಿತು. ಹಾಳೆಯನ್ನು ಗೋಡೆಗೆ ಒರಗಿಸಿ ಕೋಣೆಯ ಇನ್ನೊಂದು ತುದಿಯಿಂದ ನೋಡಿದೆ. ಬಲೂನುಗಳು ಎಲ್ಲಿವೆಯೆಂದು ಹುಡುಕಬೇಕಾಯಿತು. ಹತ್ತಡಿ ದೂರದಿಂದ ಕಥೆಯ ತಿರುವುಗಳು ತಾವಾಗಿ ಎದ್ದು ಕಾಣದಿದ್ದರೆ ಪಟ್ಟಿ ಸೋತಿತೆಂದೇ ಅರ್ಥ. ಬಿಡಿ ಚಿತ್ರದ ಸೊಗಸಿಗೆ ಮನಸೋತವನು ಪಟ್ಟಿಯನ್ನು ಕೆಡಿಸುತ್ತಾನೆ. ಎರಡನೆಯ ಅಪಾಯ ಪಟ್ಟಿಯ ಹೊರಗಿನಿಂದ ಬರುವುದು. ಇಂಥ ಚಿತ್ರಗಳ ಕಥೆಯನ್ನು ವರ್ಷಗಟ್ಟಲೆ ತಿದ್ದುತ್ತಾರೆ. ಮಧ್ಯದ ಒಂದು ರಾತ್ರಿಯ ದೃಶ್ಯವನ್ನು ಎತ್ತಿ ಮುಂದಕ್ಕಿಟ್ಟರೆ ಎರಡು ಹಗಲುಗಳು ಒಂದಕ್ಕೊಂದು ಅಂಟಿಕೊಂಡು, ನಡುವಿನ ತಿರುವು ಮಾಯವಾಗುತ್ತದೆ. ಆಗ ಒಂದು ಚೌಕ ಬದಲಿಸಿದರೆ ಸಾಲದು, ಅದರ ಎರಡೂ ಕಡೆಯ ಸಾಲನ್ನು ಮತ್ತೆ ತೂಗಬೇಕು.

ಎಲ್ಲ ತೂಗಿಟ್ಟ ಮೇಲೂ ಕೊನೆಗೆ ಕೈಮೀರಿದ ಸಂಗತಿಯೊಂದಿದೆ. ‘ಅಪ್’ ಪಿಕ್ಸಾರ್‌ನವರ ಮೊದಲ 3-ಡಿ ಚಿತ್ರ. ಚಿತ್ರಮಂದಿರದಲ್ಲಿ ಹಾಕಿಕೊಳ್ಳುವ ಆ ಕನ್ನಡಕ ತೆರೆಯ ಬೆಳಕಿನಲ್ಲಿ ಒಂದು ಪಾಲನ್ನು ನುಂಗಿಬಿಡುತ್ತದೆ. ಬಣ್ಣವನ್ನೇ ಬತ್ತಿಸಿ ಬರೆದ ಬೆಳಗು ಕನ್ನಡಕದ ಹಿಂದೆ ಬರಿಯ ಮಬ್ಬಾಗುತ್ತದೆ. ಬಲೂನಿಗೂ ಅದೇ ಮಬ್ಬು. ಕಾಸುಕಾಸಾಗಿ ಕೂಡಿಟ್ಟ ವ್ಯತ್ಯಾಸ ಅಲ್ಲಿ ಸೋರಿಹೋಗುತ್ತದೆ. ಈ ಚಿತ್ರವನ್ನು ಕನ್ನಡಕವಿಲ್ಲದೆ ನೋಡಿದವರೇ ಪುಣ್ಯವಂತರು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ ಆಕ್ಷೇಪವನ್ನೂ ಹೇಳಬೇಕು. ಮನೆ ದಕ್ಷಿಣ ಅಮೆರಿಕದ ಬಂಡೆಗಾಡಿಗೆ ಇಳಿದ ಮೇಲೆ ಕೆವಿನ್ ಎಂಬ ದೊಡ್ಡ ಹಕ್ಕಿಯೊಂದು ಬರುತ್ತದೆ. ಬಲೂನುಗಳಲ್ಲಿ ಹಂಚಿಹೋಗಿದ್ದ ಬಣ್ಣಗಳೆಲ್ಲ ಅದರ ಗರಿಗಳಲ್ಲಿ ಮತ್ತೆ ಕೂಡಿವೆ. ಖಳನಾಯಕ ಮಂಟ್ಸ್ ಮನೆಗೆ ಬೆಂಕಿಯಿಟ್ಟಾಗ ಕಾರ್ಲ್ ಹಕ್ಕಿಯನ್ನು ಬಿಟ್ಟು ಮನೆಯನ್ನು ಉಳಿಸಿಕೊಳ್ಳುತ್ತಾನೆ. ಸತ್ತವಳ ಬಣ್ಣಕ್ಕಾಗಿ ಬದುಕಿರುವುದರ ಬಣ್ಣವನ್ನು ಕೊಟ್ಟುಬಿಟ್ಟ ಹಾಗಾಯಿತು. ಅವನು ಕೊನೆಗೂ ಜಲಪಾತದ ಪಕ್ಕದಲ್ಲಿ ಮನೆಯನ್ನು ನಿಲ್ಲಿಸಿ ಒಳಗೆ ಕುಳಿತಾಗ, ಆಸೆ ಕೈಗೂಡಿದ ಆ ಗಳಿಗೆಯ ಚೌಕ ಕಳೆಗುಂದಿದೆ. ಬಯಸಿದ್ದು ಸಿಕ್ಕಾಗ ಬಣ್ಣ ಬರಲಿಲ್ಲವೆಂಬುದು ಇಡೀ ಪಟ್ಟಿಯ ಅತ್ಯಂತ ಕಟುವಾದ ವಾಕ್ಯ. ಅಲ್ಲಿ ಅವನು ಎಲೀಯ ಪುಸ್ತಕವನ್ನು ತೆರೆದು, ಖಾಲಿಯೆಂದು ಭಾವಿಸಿದ್ದ ಹಾಳೆಗಳಲ್ಲಿ ತಮ್ಮಿಬ್ಬರ ಬಾಳಿನ ಚಿತ್ರಗಳನ್ನು ಅವಳು ಅಂಟಿಸಿಟ್ಟಿರುವುದನ್ನು ಕಾಣುತ್ತಾನೆ. ಅಷ್ಟರವರೆಗೆ ಲೆಕ್ಕ ಒಂದು ಕಾಸೂ ತಪ್ಪಿಲ್ಲ. ಅನಂತರ ಹಾರುವ ಹಡಗಿನ ಮೇಲಿನ ಹೊಡೆದಾಟ ಬರುತ್ತದೆ. ನನ್ನ ಪಟ್ಟಿಯಲ್ಲಿ ಅಲ್ಲಿ ಚೌಕಗಳು ಒಂದರಂತೆ ಒಂದು: ಆಕಾಶ, ಮೋಡ, ಹಡಗಿನ ಒಳಗಿನ ಕಂದು. ಯಾರು ಗೆದ್ದರೆಂಬುದು ಬಣ್ಣದಿಂದ ತಿಳಿಯದು. ಕಥೆ ಭಾವವನ್ನು ಬಿಟ್ಟು ಬರಿಯ ಓಟಕ್ಕೆ ತೊಡಗಿದಾಗ ಪಟ್ಟಿಗೂ ಹೇಳಲು ಏನೂ ಉಳಿಯಲಿಲ್ಲ. ಇದು ರೊಮಾನೋ ಅವರ ತಪ್ಪಲ್ಲ. ಕಥೆಯಲ್ಲಿ ಇಲ್ಲದ ತಿರುವನ್ನು ಬಣ್ಣ ಹುಟ್ಟಿಸಲಾರದು. ಇದ್ದದ್ದನ್ನು ಕಾಣುವಂತೆ ಮಾಡಬಲ್ಲುದು, ಅಷ್ಟೆ.

ಹೀಗೆ ಲೆಕ್ಕಹಾಕಿ ಅಳಿಸುವುದು ಮೋಸವಲ್ಲವೇ ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಹಾಳೆಯನ್ನು ನೋಡಿದ ಮೇಲೆ ಅವರಿಗೆ ಆ ಭಾಗವನ್ನು ಮತ್ತೆ ನೋಡುವ ಮನಸ್ಸಾಗಲಿಲ್ಲವಂತೆ. ನನಗೆ ಆದದ್ದು ಬೇರೆ. ಪಟ್ಟಿ ಬರೆದು ಮುಗಿಸಿದ ರಾತ್ರಿ ಚಿತ್ರವನ್ನು ಮೊದಲಿನಿಂದ, ಧ್ವನಿ ಬಣ್ಣ ಎರಡನ್ನೂ ಇಟ್ಟುಕೊಂಡು, ಇನ್ನೊಮ್ಮೆ ನೋಡಿದೆ. ಯಾವ ಚೌಕದ ಮುಂದೆ ಯಾವುದು ಬರುವುದೆಂದು ಬಾಯಿಪಾಠವಾಗಿತ್ತು. ಆ ಹುಡುಗಿಯ ಕೋಣೆಯ ಗೋಡೆಯ ಮೇಲೆ ಬಲೂನಿನ ಬೆಳಕು ಹರಿದಾಗ, ಅದು ಬರುವುದೆಂದು ಗೊತ್ತಿದ್ದೂ, ಕಣ್ಣು ಒದ್ದೆಯಾಯಿತು. ಈ ಸಲ ದುಃಖಕ್ಕಲ್ಲ.